ತಂಗಿಯ ಬ್ಲಡ್ ರಿಪೋರ್ಟ್ ಅರ್ಥ ಆಗ್ತಾ ಇಲ್ಲ, ಗೊತ್ತಿದ್ದವ್ರು ಸ್ವಲ್ಪ ಹೇಳಿ

ನಮಸ್ಕಾರ, ನಾವು ಬದಿಯಡ್ಕದ ಹತ್ರದವ್ರು. ತಂಗಿಗೆ 24 ವರ್ಷ, ಹಿಮೋಗ್ಲೋಬಿನ್ 10.6 ಅಂತ ಬಂದು ಐರನ್ ಮಾತ್ರೆ ಕೊಟ್ಟಿದ್ರು, ಕೆಲವು ತಿಂಗಳು ತಪ್ಪದೆ ತಿಂದ್ಲು, ಬಸಳೆ, ಹುರುಳಿ ಎಲ್ಲಾ ಮಾಡಿ ಹಾಕಿದ್ದಾಯ್ತು, ಮೊನ್ನೆ ಪುನಃ ಟೆಸ್ಟ್ ಮಾಡಿದ್ರೆ ಅದೇ 10.6 ಮಾರಾಯ್ರೆ! ಅವ್ಳಿಗೆ ಸುಸ್ತು ಗಿಸ್ತು ಏನೂ ಇಲ್ಲ.

ರಿಪೋರ್ಟಲ್ಲಿ ಎಂಸಿವಿ, ಅಂದ್ರೆ ಕೆಂಪು ರಕ್ತಕಣದ ಸೈಜ್, 65 ಉಂಟು, ಪಕ್ಕದ ರೇಂಜ್ 80ರಿಂದ 100, ಅದಕ್ಕೆ 'ಎಲ್' ಗುರ್ತು. ಆದ್ರೆ ಆರ್‌ಬಿಸಿ ಕೌಂಟ್ 5.5, ರೇಂಜ್ 3.8ರಿಂದ 4.8, ಅದಕ್ಕೆ 'ಎಚ್'. ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟ ಐರನ್‌ನ ಲೆಕ್ಕ, 48, ನಾರ್ಮಲ್. ನಂಗೆ ತಲೆ ಕೆಟ್ಟದ್ದು ಇಲ್ಲೇ, ಐರನ್ ಕಮ್ಮಿ ಇದ್ರೆ ಕಣದ ಲೆಕ್ಕವೂ ಕಮ್ಮಿ ಆಗ್ಬೇಕಲ್ವಾ, ಇಲ್ಲಿ ಕಣ ಸಣ್ಣದು ಆದ್ರೆ ಲೆಕ್ಕ ಜಾಸ್ತಿ. ಲ್ಯಾಬಲ್ಲಿ ಕೆಲ್ಸ ಮಾಡುವ ಚಿಕ್ಕಪ್ಪನ ಮಗ ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸು, 13ಕ್ಕಿಂತ ಕೆಳಗೆ ಬಂದ್ರೆ ಥಲಸೀಮಿಯಾ ಟ್ರೇಟ್, ಅಂದ್ರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆ ರೋಗದ ಜೀನ್ ಅಪ್ಪ ಅಥವಾ ಅಮ್ಮನಿಂದ ಬಂದಿರುವುದು, ಇರ್ಬಹುದು, ಆದ್ರೆ ಅದು ಬರೀ ಅಂದಾಜು ಅಂದ. ಮಾಡಿದ್ರೆ ಸುಮಾರು 11.8 ಬಂತು. ಡಾಕ್ಟ್ರು ರಜೆಯಲ್ಲಿ, ಮನೆಯಲ್ಲಿ ಮದುವೆ ಮಾತುಕತೆ ಬೇರೆ, ಹುಡುಗನಿಗೂ ಟ್ರೇಟ್ ಇದ್ರೆ ಮಕ್ಕಳಿಗೆ ಕಷ್ಟ ಅಂತ ಕೇಳಿದ ಮೇಲೆ ಅಮ್ಮನಿಗೆ ನಿದ್ದೆ ಇಲ್ಲ.

ಹೀಗಿರುವಾಗ ರಕ್ತದಲ್ಲಿ ಯಾವ ಯಾವ ಬಗೆಯ ಹಿಮೋಗ್ಲೋಬಿನ್ ಎಷ್ಟೆಷ್ಟು ಉಂಟು ಅಂತ ನೋಡುವ ಎಚ್‌ಪಿಎಲ್‌ಸಿ ಟೆಸ್ಟ್ ಒಂದೇ ಮಾಡ್ಸಿದ್ರೆ ಟ್ರೇಟ್ ಉಂಟಾ ಇಲ್ವಾ ಅಂತ ಖಚಿತ ಆಗ್ತದಾ, ಇಲ್ಲ ಅದ್ರ ಜೊತೆ ಬೇರೆ ಎಂತಾದ್ರೂ ಬೇಕಾಗ್ತದಾ?