ಸಹಾಯ ಬೇಕು: ಹಳೇ ಸ್ಕೂಟರ್‌ಗೆ ಕೊನೆಯ ರೇಟ್ ಎಷ್ಟು ಇಟ್ಟುಕೊಳ್ಳಲಿ?

ಆರು ವರ್ಷದ ನನ್ನ ಸ್ಕೂಟರ್ ಮಾರಬೇಕು. 41,000 ಕಿ.ಮೀ. ಓಡಿದೆ. ಇದೇ ಮಾಡೆಲ್, ಇದೇ ವರ್ಷದ ಗಾಡಿಗಳ ಜಾಹೀರಾತು ನೋಡಿದೆ. ಅವುಗಳ ಸರಾಸರಿಯನ್ನು 100 ಅಂತ ಇಟ್ಟುಕೊಳ್ಳಿ. ಅದು ಕೇಳುವ ರೇಟ್ ಅಷ್ಟೇ, ಕೈಗೆ ಬರುವುದಲ್ಲ ಅಲ್ವಾ? ಚೌಕಾಸಿಗೆ ಅಂತ 10 ಕಳೆದೆ.

ಹಿಂದಿನ ಟೈರ್ ನಡುವೆ ಸವೆದು ನುಣ್ಣಗಾಗಿದೆ. ಬೆಳಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಅಂದು ಸುಮ್ಮನಾಗುತ್ತದೆ. ಟೈರ್, ಬ್ಯಾಟರಿಗೆ 8 ಹೋದರೆ 82 ಉಳಿಯಿತು.

ಡೀಲರ್ ಒಬ್ಬರು 70 ಕೊಡುತ್ತೇನೆ ಅಂದಿದ್ದಾರೆ, ಹಣ ಅವತ್ತೇ. ನಾನೇ ಮಾರಿದರೆ ಓಡಾಟ, ಟೆಸ್ಟ್ ರೈಡ್, ಹೆಸರು ಬದಲಾವಣೆ ಎಲ್ಲಾ ನನ್ನ ತಲೆಗೆ. ಅದಕ್ಕೆ 5 ಸೇರಿಸಿ 75ಕ್ಕೆ ಗಟ್ಟಿಯಾಗಿ ನಿಲ್ಲೋಣ ಅಂತಿದ್ದೇನೆ. 88ಕ್ಕೆ ಶುರು ಮಾಡಿದರೆ ಜಾಸ್ತಿ ಆಗುತ್ತಾ? ಸ್ಟಾರ್ಟ್ ಆಗದ ಗಾಡಿ ನೋಡಿದವರು ಬ್ಯಾಟರಿ ಬೆಲೆಗಿಂತ ಜಾಸ್ತಿ ಇಳಿಸುತ್ತಾರೆ. ಅದೊಂದನ್ನು ಮೊದಲೇ ಹಾಕಿಸಲಾ? ಮಾರಿದ ಅನುಭವ ಇರುವವರು ದಯವಿಟ್ಟು ಹೇಳಿ.