‘ವೇರಿಯನ್ಸ್’ ಕಾಲಂಗೆ ಏನಂತ ತಲೆಬರಹ ಕೊಡೋಣ?

ಸು.:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರ ಇದೆ. ನಮ್ಮ ಮ್ಯಾನೇಜರು ನಾಳೆ ಬೆಳಿಗ್ಗೆ ಮೂರು ತಿಂಗಳ ಮಾರಾಟದ ಲೆಕ್ಕ ಒಪ್ಪಿಸಬೇಕು. ಸ್ಲೈಡುಗಳನ್ನು ಕನ್ನಡದಲ್ಲಿ ಮಾಡುವ ಕೆಲಸ ನನ್ನದು. ‘ಗುರಿ’, ‘ಆಗಿದ್ದು’ ಎಂಬ ಎರಡು ಕಾಲಂ ಸಲೀಸಾಗಿ ಬಂದವು. ಮೂರನೆಯದು ‘ವೇರಿಯನ್ಸ್’, ಅಂದರೆ ಗುರಿಗೂ ಆಗಿದ್ದಕ್ಕೂ ಇರುವ ಅಂತರ. ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮಾರಾಟದ ಸಾಲಿನಲ್ಲಿ ಗುರಿ 50,000, ಆಗಿದ್ದು 48,400. ಮಾರಾಟದ ಖರ್ಚಿನ ಸಾಲಿನಲ್ಲಿ ಗುರಿ 8,000, ಆಗಿದ್ದು 8,800. ಗುರಿಯಿಂದ ಶೇ. 5ಕ್ಕಿಂತ ಜಾಸ್ತಿ ಕೆಟ್ಟಿದ್ದರೆ ಆ ಸಾಲಿಗೆ ಕೆಂಪು ಬಣ್ಣ. ‘ವ್ಯತ್ಯಾಸ’ ಎಂದು ಬರೆದೆ. ಮ್ಯಾನೇಜರು ಒಪ್ಪಲಿಲ್ಲ. “ಏನೋ ವ್ಯತ್ಯಾಸ ಆಯ್ತು ಅಂದ್ರೆ ಎಡವಟ್ಟಾಯ್ತು ಅಂತ ಅರ್ಥ ಅಲ್ವಾ?” ಎಂದರು. ಅವರು ಹೇಳಿದ್ದೂ ಸರಿಯೇ ಅನ್ನಿಸಿತು.

ಕೃ.ಮೂ.:
ವಿಚಲನೆ. ಶಾಲೆಯ ಗಣಿತ ಪುಸ್ತಕದಲ್ಲೇ ಇದೆ. ಇದಕ್ಕೆ ಚರ್ಚೆ ಯಾಕೆ?

ನಾ.:
ಕೃ.ಮೂ. ಅವರೇ, ಪುಸ್ತಕದಲ್ಲಿ ಇರುವುದು ನಿಜ. ಆದರೆ ಅಲ್ಲಿ ಅಳೆಯುವುದು ಸರಾಸರಿಯಿಂದ ಎಷ್ಟು ದೂರ ಎಂದು. ಈ ಕೋಷ್ಟಕದಲ್ಲಿ ಸರಾಸರಿಯೇ ಇಲ್ಲ, ಗುರಿ ಇದೆ. ಲೆಕ್ಕಪತ್ರದವರ ವೇರಿಯನ್ಸ್ ಬರೀ ಕಳೆಯುವ ಲೆಕ್ಕ. ಸಂಖ್ಯಾಶಾಸ್ತ್ರದ ವೇರಿಯನ್ಸ್ ಬೇರೆ, ಅಲ್ಲಿ ವರ್ಗ ಮಾಡುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಹೆಸರು ಇದ್ದರೆ ನಾವೂ ಹಾಗೇ ಮಾಡಬೇಕಿಲ್ಲ.

ಭ.:
‘ವ್ಯತ್ಯಾಸ’ ಬೇಡವೇ ಬೇಡ. ವಿ, ಅತಿ, ಆಸ ಸೇರಿ ಆದ ಪದ. ಸಂಸ್ಕೃತದಲ್ಲಿ ಅದರ ಅರ್ಥ ಅದಲುಬದಲು, ತಿರುವುಮುರುವು. ಕನ್ನಡದಲ್ಲೇ ಪದ ಇರುವಾಗ ಅದು ಯಾಕೆ? ಹಳಗನ್ನಡದ ‘ಪೆರ್ಚು’ ಇಂದು ‘ಹೆಚ್ಚು’ ಆಗಿದೆ. ‘ಕೊರೆ’ಯಿಂದ ‘ಕೊರತೆ’ ಬಂದಿದೆ. ‘ಹೆಚ್ಚು-ಕೊರತೆ’ ಎಂದು ಬರೆಯಿರಿ. ಮುಗಿಯಿತು.

ಸು.:
ಭ. ಸರ್, ಮಾರಾಟಕ್ಕೆ ‘ಕೊರತೆ 1,600’ ಚೆನ್ನಾಗಿ ಕೂರುತ್ತದೆ. ಖರ್ಚಿಗೆ? ‘ಹೆಚ್ಚು 800’ ಎಂದರೆ ಸುದ್ದಿ ಕೆಟ್ಟದ್ದು. ಖರ್ಚು ಗುರಿಗಿಂತ ಇಳಿದರೆ ಅದನ್ನು ಕೊರತೆ ಎನ್ನಲು ಆಗುತ್ತಾ? ಕೊರತೆ ಎಂಬ ಮಾತಿನಲ್ಲೇ ಬೇಸರ ಇದೆ.

ನಾ.:
ಅದೇ ಮುಖ್ಯ ವಿಷಯ. ತಲೆಬರಹದ ಪದ ಒಳ್ಳೆಯದು, ಕೆಟ್ಟದ್ದು ಎಂದು ಹೇಳಬಾರದು. ಅದನ್ನು ಬಣ್ಣ ಹೇಳಲಿ, ಪಕ್ಕದಲ್ಲಿ ‘ಅನುಕೂಲ’, ‘ಪ್ರತಿಕೂಲ’ ಎಂಬ ಮಾತೂ ಇರಲಿ. ಕಪ್ಪುಬಿಳುಪಿನಲ್ಲಿ ಪ್ರಿಂಟ್ ತೆಗೆದರೆ ಕೆಂಪು ಮಾಯ.

ಇನ್ನೊಂದು. ಸು. ಅವರೇ, ಎಷ್ಟು ಮಾರಲು ಹೊರಟಿದ್ದಿರಿ? ಎಷ್ಟು ಮಾರಿದಿರಿ?

ಸು.:
50ರಂತೆ 1,000 ಎಂದು ಗುರಿ. ರಿಯಾಯಿತಿ ಕೊಟ್ಟೆವು. 44ರಂತೆ 1,100 ಹೋಯಿತು.

ನಾ.:
ನೋಡಿ, 100 ಜಾಸ್ತಿ ಹೋಗಿದ್ದಕ್ಕೆ 50ರಂತೆ 5,000 ಬಂತು. 1,100ರ ಮೇಲೂ ತಲಾ 6 ಬಿಟ್ಟುಕೊಟ್ಟಿದ್ದಕ್ಕೆ 6,600 ಹೋಯಿತು. ಎರಡೂ ಸೇರಿ 1,600 ಕಡಿಮೆ, ಅಂದರೆ ಶೇ. 3.2. ಇದು ಶೇ. 5 ದಾಟಲಿಲ್ಲ, ಹಾಗಾಗಿ ಆ ಸಾಲು ಕೆಂಪಾಗಲಿಲ್ಲ. 800ರ ಖರ್ಚು ಶೇ. 10 ಆಗಿ ಕೆಂಪಾಗಿ ಕೂತಿತು. ಸಭೆಯಲ್ಲಿ ಎಲ್ಲರೂ ಖರ್ಚಿನ ಬಗ್ಗೆ ಕೇಳುತ್ತಾರೆ, ರಿಯಾಯಿತಿಯ ಬಗ್ಗೆ ಯಾರೂ ಕೇಳುವುದಿಲ್ಲ. ಪದ ಯಾವುದೇ ಇರಲಿ, ಮಾರಾಟದ ಸಾಲನ್ನು ಎರಡಾಗಿ ಒಡೆಯಿರಿ.

ಲ.:
ನಮ್ಮಲ್ಲಿ ಇದೇ ಪದದಿಂದ ಜಗಳ ಆಗಿತ್ತು. ಲಾಭದ ಪಾಲು ಶೇ. 20 ಇರಬೇಕಿತ್ತು, 18 ಬಂತು. ಒಬ್ಬರು ‘ವ್ಯತ್ಯಾಸ ಶೇ. 2’ ಎಂದು ಬರೆದರು. ಇನ್ನೊಬ್ಬರು 20ರಲ್ಲಿ 2 ಕಡಿಮೆ ಆಗಿದೆ, ಹಾಗಾಗಿ ‘ಶೇ. 10’ ಎಂದರು. ಲೆಕ್ಕ ಇಬ್ಬರದೂ ಸರಿ! ಇದಕ್ಕೂ ಒಂದು ಪದ ಹೇಳಿ.

ನಾ.:
ಮೇಡಂ, ಅಲ್ಲಿ ಪದಕ್ಕಿಂತ ವಾಕ್ಯವೇ ವಾಸಿ. ‘20ರಿಂದ 18ಕ್ಕೆ ಇಳಿದಿದೆ’ ಎಂದು ಬರೆದರೆ ಯಾರಿಗೂ ಗೊಂದಲ ಇಲ್ಲ.

ಭ.:
ಅನುಕೂಲ, ಪ್ರತಿಕೂಲ! ಮತ್ತೆ ಸಂಸ್ಕೃತ. ಲೆಕ್ಕದವರ ಕೈಗೆ ಕನ್ನಡ ಸಿಕ್ಕರೆ ಹೀಗೇ.

ಕೃ.ಮೂ.:
ಲೆಕ್ಕದವರ ಜಮಾ, ಬಾಕಿ ಎರಡೂ ಅರಬ್ಬಿಯಿಂದ ಬಂದವು. ಅವನ್ನೂ ಕಿತ್ತುಹಾಕುತ್ತೀರಾ? ‘ಬಾಕಿ’ ಎಂದರೆ ಯಾರಿಗೆ ಅರ್ಥ ಆಗುವುದಿಲ್ಲ ಹೇಳಿ.

ಭ.:
ಬಾಕಿ ಬಂದಾಗ ‘ಉಳಿಕೆ’ ಇತ್ತು. ಇಂದಿಗೂ ಇದೆ. ಇರುವುದನ್ನು ಮೂಲೆಗೆ ತಳ್ಳಿ ಹೊರಗಿನದನ್ನು ತರುವುದಕ್ಕೆ ಮಾತ್ರ ನನ್ನ ತಕರಾರು. ಅರ್ಥ ಆಗುತ್ತದೆ ಎನ್ನುವುದಾದರೆ ‘ವೇರಿಯನ್ಸ್’ ಎಂದೇ ಬಿಡಿ. ಅದೂ ಕೆಲವರಿಗೆ ಅರ್ಥ ಆಗುತ್ತದೆ.

ಸು.:
ಸಮಯ ಇಲ್ಲ, ಹೀಗೆ ಮಾಡಿದೆ. ತಲೆಬರಹ ‘ಗುರಿಗಿಂತ’. ಕೆಳಗೆ ‘1,600 ಕಡಿಮೆ’, ‘800 ಜಾಸ್ತಿ’. ನಾಮಪದವೇ ಬೇಕಾಗಲಿಲ್ಲ. ಮ್ಯಾನೇಜರು ಒಂದೇ ಸಲಕ್ಕೆ ಒಪ್ಪಿದರು. ಮಾರಾಟವನ್ನೂ ಒಡೆದೆ: ‘ಬೆಲೆ ಇಳಿಸಿದ್ದರಿಂದ 6,600 ಕಡಿಮೆ’, ‘ಹೆಚ್ಚು ಮಾರಿದ್ದರಿಂದ 5,000 ಜಾಸ್ತಿ’. ಮೊದಲನೆಯದು ಈಗ ಕೆಂಪಾಗಿದೆ.

ಭ.:
‘ಜಾಸ್ತಿ’ ಕನ್ನಡವಲ್ಲ. ‘ಹೆಚ್ಚು’ ಮಾಡಿ.

ಸು.:
ಮಾಡಿದೆ ಸರ್. ಆದರೆ ‘ಗುರಿಗಿಂತ’ ಎಂಬುದು ಕೋಷ್ಟಕದಲ್ಲಿ ಮಾತ್ರ ನಡೆಯುತ್ತದೆ. ‘ವೇರಿಯನ್ಸ್ ವರದಿ’ ಎಂದು ಹೊದಿಕೆಯ ಮೇಲೆ ಬರೆಯಬೇಕಾದರೆ?