ಪದ ಬೇಕು: ಒಂದು ದಿನದ್ದನ್ನು ಅಳಿಸುವುದು, ಸರಣಿಯನ್ನೇ ಅಳಿಸುವುದು (ಇಂದು ರಾತ್ರಿಯೊಳಗೆ)

ಶೋಭಾ, ಹಾಸನ

ಎಲ್ಲರಿಗೂ ನಮಸ್ಕಾರ. ಒಂದು ಮುಕ್ತ ತಂತ್ರಾಂಶದ ಕ್ಯಾಲೆಂಡರನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಂದು ರಾತ್ರಿ ಕಡತ ಒಪ್ಪಿಸಬೇಕು. ನೂರಾರು ಸಾಲು ಮುಗಿದಿವೆ, ಈ ನಾಲ್ಕು ಗುಂಡಿಗಳ ಹತ್ತಿರ ಬಂದು ನಿಂತಿದ್ದೇನೆ:

```
Delete only this event
Delete this and following events
Delete all events in the series
Delete calendar
```

ನನಗಿಂತ ಮೊದಲು ಈ ಕೆಲಸ ಹಿಡಿದಿದ್ದವರು ಮೊದಲನೆಯದಕ್ಕೆ "ಈ ಘಟನೆಯನ್ನು ಮಾತ್ರ ಅಳಿಸಿ" ಎಂದು ಬರೆದಿದ್ದಾರೆ. ಓದಿದರೆ ಠಾಣೆಯಲ್ಲಿ ಯಾರೋ ಪ್ರಕರಣ ಮುಚ್ಚಿಹಾಕುತ್ತಿರುವಂತಿದೆ. ಮೂರನೆಯದಕ್ಕೆ "ಮರುಕಳಿಸುವ ಎಲ್ಲ ಘಟನೆಗಳನ್ನು ಅಳಿಸಿ" ಎಂದಿದೆ. ನಮ್ಮ ಮನೆಯಲ್ಲಿ ಮರುಕಳಿಸುವುದು ಜ್ವರ ಒಂದೇ. ಘಟನೆಗೆ ಬದಲು ಕಾರ್ಯಕ್ರಮ ಎನ್ನಬಹುದೇ? ಸರಣಿಗೆ ಬೇರೆ ಪದ ಇದೆಯೇ? ಗುಂಡಿ ಚಿಕ್ಕದು, ಮೂರು ನಾಲ್ಕು ಪದ ಮೀರಿದರೆ ಬಾಲ ಕತ್ತರಿಸಿಹೋಗುತ್ತದೆ.

ನಾಗರಾಜಯ್ಯ

ಸರಣಿ ಎಂದರೆ ಸಂಸ್ಕೃತದಲ್ಲಿ ದಾರಿ. ಇಂಗ್ಲಿಷಿನ ಸೀರೀಸ್ ಕಿವಿಗೆ ಹತ್ತಿರ ಕೇಳಿಸುತ್ತದೆಂದು ಪತ್ರಿಕೆಯವರು ಕ್ರಿಕೆಟ್ಟಿಗೆ ಅಂಟಿಸಿಕೊಂಡರೇನೋ. ಕನ್ನಡದಲ್ಲಿ ಸಾಲು ಎಂಬ ಪದ ಇರುವಾಗ ದಾರಿಗೆ ಏಕೆ ಹೋಗಬೇಕು? "ಈ ಬಾರಿಯದನ್ನು ಅಳಿಸು", "ಇಡೀ ಸಾಲನ್ನು ಅಳಿಸು". ಮುಗಿಯಿತು. "ಅಳಿಸಿ" ಅಲ್ಲ, "ಅಳಿಸು". ಯಂತ್ರಕ್ಕೆ ಬಹುವಚನದ ಮರ್ಯಾದೆ ಬೇಕಿಲ್ಲ.

ರಾಮಸ್ವಾಮಿ, ನಿವೃತ್ತ ಶಿಕ್ಷಕ, ಅರಕಲಗೂಡು

ಶೋಭಾ ಅವರೇ, ಸಭಾಭವನದ ಫಲಕಕ್ಕೆ ಎಂದು ತಿಳಿದು ಬರೆಯುತ್ತಿದ್ದೇನೆ. "ಇಂದಿನ ಕಾರ್ಯಕ್ರಮ ರದ್ದಾಗಿದೆ" ಎಂದು ಬರೆಯಿರಿ, ಎಲ್ಲರಿಗೂ ಅರ್ಥವಾಗುತ್ತದೆ. ಇಷ್ಟಕ್ಕೆ ಚರ್ಚೆ ಏಕೆ?

ಶೋಭಾ, ಹಾಸನ

ಫಲಕ ಅಲ್ಲ ಮೇಷ್ಟ್ರೇ, ಮೊಬೈಲಿನ ಗುಂಡಿ.

ವೆಂಕಟೇಶ್

ಮೇಷ್ಟ್ರು ಪ್ರಶ್ನೆ ತಪ್ಪು ತಿಳಿದರೂ ಒಂದು ಒಳ್ಳೆಯ ಎಳೆ ಕೊಟ್ಟಿದ್ದಾರೆ. ರದ್ದು ಬೇರೆ, ಅಳಿಸುವುದು ಬೇರೆ. ಸಭೆ ಕರೆದವರು ರದ್ದು ಮಾಡಿದರೆ ಕರೆಸಿಕೊಂಡವರಿಗೆಲ್ಲ ತಿಳಿಯಬೇಕು. ಕರೆಸಿಕೊಂಡವರೊಬ್ಬರು ತಮ್ಮ ಪುಟದಿಂದ ತೆಗೆದುಹಾಕಿದರೆ ಸಭೆ ನಡೆದೇ ನಡೆಯುತ್ತದೆ. ಎರಡಕ್ಕೂ ರದ್ದು ಎಂದರೆ ಯಾರೋ ಬಾರದೆ ಉಳಿಯುತ್ತಾರೆ.

ಪದ ಹುಡುಕುವ ಮೊದಲು ಗುಂಡಿ ಒತ್ತಿದಾಗ ಕಡತದಲ್ಲಿ ಏನಾಗುತ್ತದೆ ಎಂದು ನೋಡಿ. ಪ್ರತಿ ಮಂಗಳವಾರ ಬೆಳಗ್ಗೆ 10:30ಕ್ಕೆ ಸಭೆ, 2025ರ ಜನವರಿ 7ರಿಂದ ಆರಂಭ ಎಂದಿಟ್ಟುಕೊಳ್ಳಿ. ಮರುವಾರ 14ನೆಯ ತಾರೀಖು ಸಂಕ್ರಾಂತಿ. ಆ ದಿನದ್ದೊಂದನ್ನು ಅಳಿಸಿದಿರಿ. ಕ್ಯಾಲೆಂಡರನ್ನು ಬರೆದಿಡುವ ಐಕ್ಯಾಲ್ ಕಡತದಲ್ಲಿ ಹೀಗಿರುತ್ತದೆ:

```
DTSTART;TZID=Asia/Kolkata:20250107T103000
RRULE:FREQ=WEEKLY;BYDAY=TU
EXDATE;TZID=Asia/Kolkata:20250114T103000
```

ಐವತ್ತೆರಡು ಮಂಗಳವಾರಗಳನ್ನು ಯಾರೂ ಬರೆದಿಟ್ಟಿಲ್ಲ. ಇರುವುದು ಒಂದು ನಿಯಮ ಮಾತ್ರ, ಎರಡನೆಯ ಸಾಲು. ನೀವು ಒಂದು ದಿನವನ್ನು ಅಳಿಸಿದಾಗ ಕಡತದಿಂದ ಏನೂ ಹೋಗಲಿಲ್ಲ. "ಆ ದಿನ ಬೇಡ" ಎಂಬ ಮೂರನೆಯ ಸಾಲು ಹೊಸದಾಗಿ ಬಂತು, ಅಷ್ಟೇ. ಆ ಸಾಲಿನ ಹೊತ್ತು ಮೊದಲ ಸಾಲಿನ ಹೊತ್ತಿಗೆ ಸರಿಹೊಂದಬೇಕು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಬರಿಯ ತಾರೀಖು ಉಳಿದು ಗಂಟೆ ಕಳಚಿಹೋದರೆ, ಸಂಕ್ರಾಂತಿಯ ದಿನ ಸಭೆ ಮತ್ತೆ ಎದ್ದು ಕೂತಿರುತ್ತದೆ. ಅಳಿಸಿದ್ದು ತಿರುಗಿ ಬಂತು ಎಂದು ಜನ ದೂರುವುದು ಎಷ್ಟೋ ಸಲ ಇದನ್ನೇ.

ಆದ್ದರಿಂದ ಮೊದಲ ಗುಂಡಿಗೆ ಅಳಿಸು ಎನ್ನುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. "ಈ ದಿನ ಮಾತ್ರ ಬೇಡ".

ನಾಗರಾಜಯ್ಯ

ಕಡತದ ಒಳಗೆ ಏನಿದ್ದರೆ ಒತ್ತುವವನಿಗೇನು? ಕಣ್ಣಿಗೆ ಕಂಡದ್ದು ಕಾಣದಾಯಿತು. ಅದಕ್ಕೆ ಕನ್ನಡದಲ್ಲಿ ಅಳಿಸು ಎನ್ನುತ್ತಾರೆ. ಅಳಿ ಎಂಬ ಧಾತುವಿಗೆ ಇಸು ಸೇರಿದೆ. ಹಲ್ಮಿಡಿ ಶಾಸನ ಸಿಕ್ಕ ಹಾಸನ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕೇ?

ಲಕ್ಷ್ಮೀದೇವಿ, ಸಕಲೇಶಪುರ

ಅಳು ಎಂಬ ಧಾತುವಿಗೆ ಇಸು ಸೇರಿದರೂ ಅಳಿಸು ಎಂದೇ ಆಗುತ್ತದೆ ನಾಗರಾಜಯ್ಯನವರೇ. ಶೋಭಾ, "ಎಲ್ಲವನ್ನೂ ಅಳಿಸು" ಎಂದು ಬರೆಯುವಾಗ ಬೆರಳು ತಪ್ಪಿ "ಎಲ್ಲರನ್ನೂ" ಎಂದಾಗದಂತೆ ನೋಡಿಕೊಳ್ಳಮ್ಮ.

ಇನ್ನು ನೀವು ಅಚ್ಚಕನ್ನಡವೆಂದು ಮುಂದಿಟ್ಟ ಬಾರಿ, ಸಂಸ್ಕೃತದ ವಾರ ಪದದ ತದ್ಭವ. ವಾರ ಎಂದರೆ ಸರದಿ. ಸೋಮವಾರ ಸೋಮನ ಸರದಿ.

ನಾಗರಾಜಯ್ಯ

ತದ್ಭವವಾದ ಮೇಲೆ ಅದು ಕನ್ನಡವೇ.

ಲಕ್ಷ್ಮೀದೇವಿ, ಸಕಲೇಶಪುರ

ಹಾಗಾದರೆ ಅಜ್ಜನ ಕಾಲದಿಂದ ಗೋಡೆಯ ಮೊಳೆಗೆ ನೇತಾಡುತ್ತಿರುವ ಕ್ಯಾಲೆಂಡರೂ ಕನ್ನಡವೇ. ದಿನದರ್ಶಿಕೆ, ತೇದಿಪಟ್ಟಿ ಎಂದು ಯಾರಾದರೂ ಶುರುಮಾಡುವ ಮೊದಲೇ ಹೇಳಿಬಿಡುತ್ತೇನೆ.

ನನ್ನದೊಂದು ಪದ ಇದೆ. ನಮ್ಮ ಕಡೆ ದಿನವೂ ಹಾಲು ಹಾಕಿಸಿಕೊಳ್ಳುವುದಕ್ಕೆ, ಹೂವು ಹಾಕಿಸಿಕೊಳ್ಳುವುದಕ್ಕೆ ವರ್ತನೆ ಎನ್ನುತ್ತಿದ್ದೆವು. ವರ್ತನೆಯ ಹಾಲು, ವರ್ತನೆಯ ಹೂವು. ಊರಿಗೆ ಹೋಗುವಾಗ ಅಮ್ಮ ಬಾಗಿಲಲ್ಲಿ ನಿಂತು "ನಾಳೆ ಒಂದು ದಿನ ಹಾಲು ಬೇಡ" ಎಂದು ಹೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಮೇಲೆ ಸೊನ್ನೆ ಸುತ್ತುತ್ತಿದ್ದರು. ಹಸು ಬತ್ತಿದಾಗ, ಹಾಲು ನೀರಾದಾಗ "ನಾಳೆಯಿಂದ ವರ್ತನೆ ಬೇಡ" ಎನ್ನುತ್ತಿದ್ದರು. ಆಗಲೂ ಅದುವರೆಗಿನ ಸೊನ್ನೆಗಳು ಗೋಡೆಯ ಮೇಲೇ ಇರುತ್ತಿದ್ದವು, ಏಕೆಂದರೆ ಲೆಕ್ಕ ತೀರಿಸಬೇಕಲ್ಲ. ಶೋಭಾ ಕೇಳುತ್ತಿರುವ ಮೊದಲ ಎರಡು ಗುಂಡಿಗಳು ಇವೇ ಅಲ್ಲವೇ? ಸರಣಿಗೆ ವರ್ತನೆ ಎನ್ನಿ.

ವೆಂಕಟೇಶ್

ಉದಾಹರಣೆ ನೂರಕ್ಕೆ ನೂರು ಸರಿ. ಅಮ್ಮ ಸುತ್ತಿದ ಸೊನ್ನೆಯೇ ಆ ಮೂರನೆಯ ಸಾಲು. ಆದರೆ ಪದ ಈಗ ನಡೆಯುವುದಿಲ್ಲ. "ವರ್ತನೆಯನ್ನು ಅಳಿಸು" ಎಂದರೆ ಇಂದಿನ ಹುಡುಗರು ನಡತೆ ತಿದ್ದಿಕೊಳ್ಳಲು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಎರಡನೆಯ ಗುಂಡಿ ನಾಳೆಯಿಂದ ಬೇಡ ಎಂಬುದೇ. ಮೇ 20ರ ಸಭೆಯ ಮೇಲೆ ಬೆರಳಿಟ್ಟು ಒತ್ತಿದರೆ ನಿಯಮಕ್ಕೆ ಒಂದು ಕೊನೆ ಬೀಳುತ್ತದೆ, ಮೇ 13ರದ್ದೇ ಕಡೆಯ ಸಭೆ. ಹಿಂದಿನವು ಹಾಗೆಯೇ ಇರುತ್ತವೆ. ಇಲ್ಲಿಯೂ ಅಳಿಸು ಬೇಡ, "ಇಲ್ಲಿಂದ ಮುಂದೆ ನಿಲ್ಲಿಸು" ಎನ್ನಿ. ಮೂರನೆಯದು ಮಾತ್ರ ನಿಜವಾಗಿ ಅಳಿಸುತ್ತದೆ, ಆಗಿಹೋದ ಸಭೆಗಳನ್ನೂ ಸೇರಿಸಿ. ಜನ ಎಡವುವುದು ಅಲ್ಲೇ.

ದಿನೇಶ, ಮೂಡಿಗೆರೆ

ನಾನು ಎಡವಿದವನೇ ಸಾರ್. ಕಾಫಿ ತೋಟದಲ್ಲಿ ರೈಟರ್ ಕೆಲಸ ನನ್ನದು. ಪ್ರತಿ ವಾರ ಬಟವಾಡೆ ಎಂದು ಮೊಬೈಲಿನಲ್ಲಿ ಹಾಕಿಟ್ಟು, ಆಯಾ ವಾರದ್ದನ್ನು ತೆರೆದು ಎಷ್ಟು ಆಳು, ಹಣ್ಣು ಕುಯ್ಲೋ ಮರಗಸಿಯೋ ಎಂದು ಟಿಪ್ಪಣಿ ಬರೆಯುತ್ತಿದ್ದೆ. ಕುಯ್ಲು ಮುಗಿದು ಹೊರಗಿನ ಆಳುಗಳು ಊರಿಗೆ ಹೋದರು. ಇನ್ನು ಬೇಡವೆಂದು ಎಲ್ಲವನ್ನೂ ಅಳಿಸಿ ಎಂಬುದನ್ನು ಒತ್ತಿದೆ. ಎಲ್ಲ ಎಂದರೆ ಇನ್ನು ಬರಬೇಕಾದ ಎಲ್ಲ ಎಂದುಕೊಂಡೆ. ಹೋದ ವಾರಗಳ ಟಿಪ್ಪಣಿಯೂ ಹೋಯಿತು. ಗೊತ್ತಾಗಿದ್ದು ಎರಡು ತಿಂಗಳ ಮೇಲೆ, ಧಣಿಗಳು ಲೆಕ್ಕ ಕೇಳಿದಾಗ. ಈಗ ಏನಾದರೂ ಸಿಗುತ್ತದೆಯೇ?

ವೆಂಕಟೇಶ್

ಯಾವ ಕ್ಯಾಲೆಂಡರ್ ಎಂದು ಹೇಳಿಲ್ಲ ನೀವು. ಗೂಗಲ್ ಕ್ಯಾಲೆಂಡರಿನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಸುಮಾರು 30 ದಿನ ಇರುತ್ತದೆ. ಎರಡು ತಿಂಗಳಾಗಿದ್ದರೆ ಅಲ್ಲಿ ಸಿಗುವುದಿಲ್ಲ. ಮೊದಲು ಎಂದಾದರೂ ಕಡತವಾಗಿ ಇಳಿಸಿಟ್ಟುಕೊಂಡಿದ್ದರೆ ಅದರೊಳಗೆ ಹುಡುಕಿ. ಒಂದೊಂದು ವಾರಕ್ಕೆ ನೀವು ಬರೆದ ಟಿಪ್ಪಣಿ ಅದರಲ್ಲಿ RECURRENCE-ID ಎಂಬ ಸಾಲಿನ ಜೊತೆ ಬೇರೆ ಬೇರೆ ತುಂಡಾಗಿ ಇರುತ್ತದೆ.

ಶೋಭಾ ಅವರೇ, ದಿನೇಶರ ಅನುಭವವೇ ನಿಮ್ಮ ಮೂರನೆಯ ಗುಂಡಿಗೆ ಉತ್ತರ. ಬರಿಯ "ಎಲ್ಲವನ್ನೂ" ಸಾಲದು. "ಹಿಂದಿನವೂ ಸೇರಿ ಎಲ್ಲ ಅಳಿಸು".

ನಾಗರಾಜಯ್ಯ

ಮೂಲದಲ್ಲಿ ಹಿಂದಿನವೂ ಎಂದಿಲ್ಲ. ಅನುವಾದವೋ ಉಪದೇಶವೋ?

ವೆಂಕಟೇಶ್

ಮೂಲದವರು ಅರೆಬರೆ ಹೇಳಿದರೆ ಕನ್ನಡದವರೂ ಎಡವಬೇಕೇ?

ರಾಮಸ್ವಾಮಿ, ಅರಕಲಗೂಡು

ಈಗ ಅರ್ಥವಾಯಿತು. ಹಾಗಾದರೆ ನನ್ನದೊಂದು ಸಂದೇಹ. ಹಾಸನಾಂಬೆಯ ಬಾಗಿಲು ತೆರೆಯುವ ದಿನವನ್ನು ಪ್ರತಿ ವರ್ಷ ಎಂದು ಹಾಕಿಟ್ಟಿದ್ದೆ, ಮರುವರ್ಷ ಅದು ತಪ್ಪು ದಿನ ತೋರಿಸಿತು. ಎಲ್ಲವನ್ನೂ ಅಳಿಸಬೇಕೇ, ಒಂದನ್ನೇ?

ವೆಂಕಟೇಶ್

ಅದು ಆಶ್ವಯುಜದ ಹುಣ್ಣಿಮೆ ಕಳೆದು ಬರುವ ಮೊದಲ ಗುರುವಾರ ಮೇಷ್ಟ್ರೇ. ಈ ಕ್ಯಾಲೆಂಡರಿನ ನಿಯಮಕ್ಕೆ ತಿಂಗಳು, ವಾರ, ತಾರೀಖು ಗೊತ್ತು, ಹುಣ್ಣಿಮೆ ಗೊತ್ತಿಲ್ಲ. ಪಂಚಾಂಗ ನೋಡಿ ವರ್ಷವರ್ಷ ಬೇರೆ ಬೇರೆಯಾಗಿ ಹಾಕಿಕೊಳ್ಳಿ. ಹಳೆಯದರಲ್ಲಿ ಮೊದಲ ವರ್ಷದ್ದು ಸರಿಯಾಗಿದೆ, ಅದನ್ನು ಉಳಿಸಿ ಮರುವರ್ಷದ್ದರಿಂದ ಮುಂದೆ ನಿಲ್ಲಿಸಿ.

ಶೋಭಾ, ಹಾಸನ

ನಾಲ್ಕನೆಯದನ್ನು ಎಲ್ಲರೂ ಮರೆತಿರಿ. ಇಡೀ ಕ್ಯಾಲೆಂಡರ್ ಅಳಿಸುವುದು.

ವೆಂಕಟೇಶ್

ಯಾರದು ಎಂದು ನೋಡಬೇಕು. ನೀವೇ ಮಾಡಿ ಹತ್ತು ಜನಕ್ಕೆ ಹಂಚಿದ್ದಾದರೆ ಅಳಿಸಿದಾಗ ಹತ್ತು ಜನಕ್ಕೂ ಹೋಗುತ್ತದೆ. ಬೇರೆಯವರದು ನಿಮ್ಮ ಪಟ್ಟಿಯಲ್ಲಿದ್ದರೆ ನಿಮ್ಮ ಪಟ್ಟಿಯಿಂದ ಹೋಗುತ್ತದೆ, ಅವರಲ್ಲಿ ಹಾಗೆಯೇ ಇರುತ್ತದೆ. ಗೂಗಲಿನಲ್ಲಂತೂ ನಿಮ್ಮ ಖಾತೆಯ ಮೂಲ ಕ್ಯಾಲೆಂಡರನ್ನು ಅಳಿಸಲು ಬರುವುದೇ ಇಲ್ಲ, ಒಳಗಿನದನ್ನು ಖಾಲಿ ಮಾಡಬಹುದು ಅಷ್ಟೇ. ನಿಮ್ಮದಕ್ಕೆ ಅಳಿಸು, ಬೇರೆಯವರದಕ್ಕೆ "ಪಟ್ಟಿಯಿಂದ ತೆಗೆ". ನಿಮ್ಮ ತಂತ್ರಾಂಶ ಎರಡಕ್ಕೂ ಒಂದೇ ಗುಂಡಿ ಕೊಟ್ಟಿದ್ದರೆ, ಅದನ್ನು ಬರೆದವರಿಗೇ ದೂರು ಹೋಗಲಿ.

ನಾಗರಾಜಯ್ಯ

ಬೇಡ, ನಿಲ್ಲಿಸು, ಅಳಿಸು, ತೆಗೆ. ಒಂದು ಇಂಗ್ಲಿಷ್ ಪದಕ್ಕೆ ನಾಲ್ಕು ಕನ್ನಡ. ಪರಿಭಾಷೆ ಎಂದರೆ ಒಂದಕ್ಕೊಂದು ಇರಬೇಕು.

ಲಕ್ಷ್ಮೀದೇವಿ, ಸಕಲೇಶಪುರ

ನಾಲ್ಕೂ ಅಚ್ಚಕನ್ನಡ. ಇನ್ನೇನು ಬೇಕು ನಿಮಗೆ?

ಶೋಭಾ, ಹಾಸನ

ರಾತ್ರಿ ಹನ್ನೊಂದೂವರೆ. ಕಳುಹಿಸಿದ್ದು ಇಷ್ಟು: "ಈ ದಿನದ್ದು ಮಾತ್ರ ಬೇಡ", "ಇಲ್ಲಿಂದ ಮುಂದೆ ನಿಲ್ಲಿಸು", "ಹಿಂದಿನವೂ ಸೇರಿ ಅಳಿಸು", "ಕ್ಯಾಲೆಂಡರ್ ಅಳಿಸು". "ಎಲ್ಲ" ಹಾಕಿದರೆ ಮೂರನೆಯದರ ಕೊನೆಯ ಅಕ್ಷರ ಗುಂಡಿಯಿಂದ ಹೊರಗೆ ಬೀಳುತ್ತಿತ್ತು. ಘಟನೆಯೂ ಹೋಯಿತು, ಕಾರ್ಯಕ್ರಮವೂ ಬೇಕಾಗಲಿಲ್ಲ. ನಾಲ್ಕನೆಯ ಗುಂಡಿಯನ್ನು ಪ್ರಯೋಗಕ್ಕೆ ಮಾಡಿಕೊಂಡ ಕ್ಯಾಲೆಂಡರಿನ ಮೇಲೆ ಒತ್ತಿ ನೋಡಿದೆ. ಸ್ವಂತದ್ದಕ್ಕೂ ಬೇರೆಯವರದ್ದಕ್ಕೂ ಒಂದೇ ಗುಂಡಿ ಬರುತ್ತಿದೆ. ದೂರು ಬರೆಯುತ್ತಿದ್ದೇನೆ.

ನಾಗರಾಜಯ್ಯ

"ದಿನದ್ದು" ಎಂಬುದನ್ನು "ದಿನದುದು" ಎಂದು ತಿದ್ದಿ.